ಇನ್ನೂ ತೀರ್ಮಾನವಾಗಿಲ್ಲ

ಮ್ಯಾನೇಜರು ನೋಟಿಸಿನ ಕರಡನ್ನು ಮೂರನೆಯ ಸಲ ತಿದ್ದಿ ಮೇಜಿನ ಮೇಲೆ ಮುಂದಕ್ಕೆ ತಳ್ಳಿದರು. ಕಾಗದದಮ್ಮನಿಗೆ ಅದನ್ನು ಎತ್ತಿಕೊಳ್ಳುವ ಮನಸ್ಸೇ ಬರಲಿಲ್ಲ. ಕೆಂಪು ಶಾಯಿ ನೋಡಿದರೆ ಹಾಳೆಗೆ ಗಾಯವಾದ ಹಾಗಿತ್ತು.

ಅವಳ ಹುದ್ದೆಯ ಹೆಸರು ಸಿಬ್ಬಂದಿ ಅಧಿಕಾರಿ. ಆದರೆ ಆ ದೊಡ್ಡ ಲಾಂಡ್ರಿಯಲ್ಲಿ ಯಾರೂ ಅವಳನ್ನು ಹಾಗೆ ಕರೆದವರಿಲ್ಲ. ರಜೆ ಬೇಕಾದರೂ, ಸಂಬಳದ ಚೀಟಿ ತಪ್ಪಿದರೂ, ಕೈ ಸುಟ್ಟುಕೊಂಡರೂ ಅವಳ ಹತ್ತಿರ ಬಂದರೆ ಮೊದಲು ಒಂದು ಕಾಗದ ಬರೆಸುತ್ತಾಳೆ ಅಂತ ಕಾಗದದಮ್ಮ ಆಗಿದ್ದಳು. ಊರಿನ ಆಸ್ಪತ್ರೆಗಳ ಹಾಸು, ಹೊದಿಕೆ, ದಿಂಬಿನ ಚೀಲ, ಶಸ್ತ್ರಚಿಕಿತ್ಸೆಯ ಹಸಿರು ಬಟ್ಟೆ ಎಲ್ಲ ಅಲ್ಲಿಗೇ ಬರುತ್ತಿತ್ತು. ಒಗೆದು, ಒಣಗಿಸಿ, ರೋಲರಿನಲ್ಲಿ ಇಸ್ತ್ರಿ ಮಾಡಿ, ಮಡಚಿ ಕಳಿಸುವುದಕ್ಕೆ ಎರಡು ಪಾಳಿ. ಬೆಳಗಿನದು ಒಂದು, ಮಧ್ಯಾಹ್ನದ್ದು ಒಂದು. ಒಂದು ವಾರ ಅದರಲ್ಲಿ ಇದ್ದವರು ಮರುವಾರ ಇದಕ್ಕೆ ಬರುವುದು ಪದ್ಧತಿ.

ಈಗ ಆಸ್ಪತ್ರೆಯವರು ಬೆಳಕು ಹರಿಯುವ ಮೊದಲೇ ಬಟ್ಟೆ ಬೇಕು ಅನ್ನುತ್ತಿದ್ದರು. ಅದಕ್ಕೆ ರಾತ್ರಿಯ ಮೂರನೆಯ ಪಾಳಿ ಬೇಕು.

"ಇದರಲ್ಲಿ ಏನ್ ಕಷ್ಟ ಮೇಡಂ?" ಅಂದರು ಮ್ಯಾನೇಜರು. "ಮುಂದಿನ ತಿಂಗಳಿಂದ ಮೂರು ಪಾಳಿ. ಅಷ್ಟು ಬರೆದ್ರೆ ಮುಗೀತು. ನೀವು ಪ್ರಸ್ತಾವ, ಸಮಾಲೋಚನೆ, ಪರ್ಯಾಯ ಸಲಹೆ ಅಂತ ಪುರಾಣ ಬರೆದಿದೀರಿ."

"ಸಾರ್, ಯೂನಿಯನ್ ಜೊತೆ ಒಪ್ಪಂದ ಇದೆ. ಪಾಳಿ ಬದಲಾಯಿಸೋ ಮುಂಚೆ ಅವರ ಜೊತೆ ಸಮಾಲೋಚನೆ ಮಾಡ್ಬೇಕು. ತೀರ್ಮಾನ ಮಾಡಿ ಆಮೇಲೆ ಕೇಳೋದಲ್ಲ."

"ಕೇಳಿದ್ರೆ ಅವರು ಬೇಡ ಅಂತಾರೆ."

"ಅನ್ನಲಿ ಸಾರ್. ಯಾಕೆ ಬೇಡ ಅಂತ ಹೇಳ್ತಾರಲ್ಲ, ಅದನ್ನ ನಾವು ಕೇಳಿಸ್ಕೊಂಡು, ಒಪ್ಪದಿದ್ರೆ ಯಾಕೆ ಒಪ್ಪಲಿಲ್ಲ ಅಂತ ಬರೆದು ಕೊಡ್ಬೇಕು. ಅದೇ ಸಮಾಲೋಚನೆ. ಅವರ ಒಪ್ಪಿಗೆ ಬೇಕೇ ಬೇಕು ಅಂತಲ್ಲ. ಆದ್ರೆ ಮನಸ್ಸು ಮಾಡ್ಕೊಂಡು ಕೂತು ಕೇಳೋದು ತಾಳಿ ಕಟ್ಟಿದ್ಮೇಲೆ ಹೆಣ್ಣು ನೋಡಕ್ಕೆ ಹೋದ ಹಾಗೆ."

ಮ್ಯಾನೇಜರು ನಗಲಿಲ್ಲ. ಕೆಟ್ಟ ಮನುಷ್ಯರೇನಲ್ಲ ಅವರು. ಆಸ್ಪತ್ರೆಯ ಗುತ್ತಿಗೆ ಕೈತಪ್ಪಿದರೆ ಒಂದು ಪಾಳಿಗೂ ಕೆಲಸ ಉಳಿಯುವುದಿಲ್ಲ ಅನ್ನುವುದು ಅವರಿಗೆ ಗೊತ್ತಿತ್ತು. ಆ ಭಯ ಅವರನ್ನು ನಿದ್ದೆಯಲ್ಲೂ ಬಿಡುತ್ತಿರಲಿಲ್ಲವೋ ಏನೋ, ಕಣ್ಣು ಸದಾ ಕೆಂಪು.

ಅವಳು ಒಂದೊಂದೇ ಸಾಲಿಗೆ ಜಗಳವಾಡಿದಳು. 'ಜಾರಿಗೆ ಬರಲಿದೆ' ಅನ್ನುವುದನ್ನು ಹೊಡೆದು 'ಪ್ರಸ್ತಾಪಿಸಲಾಗಿದೆ' ಅಂತ ಬರೆಸಿದಳು. ಬದಲಾವಣೆ ಯಾಕೆ ಬೇಕು, ಯಾವ ಯಾವ ವಿಭಾಗಕ್ಕೆ ಅನ್ವಯ, ಈಗಿನ ಪಾಳಿ ಹೇಗಿದೆ, ಹೊಸದು ಹೇಗಿರಬಹುದು ಅನ್ನುವುದನ್ನು ಬಿಡಿಸಿ ಹೇಳಿಸಿದಳು. ಮೂರು ವಾರ ಸಮಾಲೋಚನೆಯ ಅವಧಿ, ಸಂಘದ ಪ್ರತಿನಿಧಿಗಳ ಜೊತೆ ಸಭೆ, ಕೆಲಸಗಾರರು ಸಂಘದ ಮೂಲಕವೋ ನೇರವಾಗಿಯೋ ಅಭಿಪ್ರಾಯ ಬರೆದು ಕೊಡಬಹುದು, ಬೇರೆ ದಾರಿ ಸೂಚಿಸಬಹುದು, ಎಲ್ಲದಕ್ಕೂ ಬರವಣಿಗೆಯಲ್ಲಿ ಉತ್ತರ ಸಿಗುತ್ತದೆ ಅಂತ ಸೇರಿಸಿದಳು. ಕೊನೆಗೆ ಅವಳ ಪ್ರಾಣವೆಲ್ಲ ಇದ್ದದ್ದು ಎರಡು ವಾಕ್ಯದಲ್ಲಿ: 'ಈ ಬಗ್ಗೆ ಇನ್ನೂ ತೀರ್ಮಾನವಾಗಿಲ್ಲ. ಸಮಾಲೋಚನೆ ಮುಗಿದು ತೀರ್ಮಾನ ತಿಳಿಸುವವರೆಗೆ ಈಗಿನ ಪಾಳಿಗಳೇ ಮುಂದುವರಿಯುತ್ತವೆ.'

"ಇದು ಬೇಡ. ನಮ್ಮ ಕೈ ನಾವೇ ಕಟ್ಕೊಂಡ ಹಾಗೆ" ಅಂದರು ಮ್ಯಾನೇಜರು.

"ಇದಿಲ್ಲದಿದ್ರೆ ನನ್ನ ಸಹಿ ಇಲ್ಲ ಸಾರ್."

ಅಷ್ಟರಲ್ಲಿ ಪ್ರಧಾನ ಕಚೇರಿಯ ವಕೀಲರು ಫೋನಿನಲ್ಲಿ ಬಂದರು. ಕರಡನ್ನು ಓದಿಸಿಕೊಂಡು, ಎಲ್ಲ ಸರಿ, ಆದರೆ ನಮ್ಮ ನೋಟಿಸುಗಳಿಗೆಲ್ಲ ಇರುವ ಕಡೆಯ ಪ್ಯಾರಾ ಎಲ್ಲಿ ಅಂತ ಕೇಳಿದರು. ಆ ಪ್ಯಾರಾ ಅವರ ಕಂಪ್ಯೂಟರಿನಲ್ಲಿ ಸಿದ್ಧವಾಗಿಯೇ ಇತ್ತು: 'ಪಾಳಿಗೆ ಸಂಬಂಧಿಸಿದ ಹಿಂದಿನ ಎಲ್ಲ ಸುತ್ತೋಲೆ, ಏರ್ಪಾಡು ಮತ್ತು ರೂಢಿಗಳು ಈ ನೋಟಿಸಿನ ದಿನಾಂಕದಿಂದ ರದ್ದಾಗಿವೆ.'

"ಸಾರ್, ಇದು ಇಲ್ಲಿಗೆ ಹೊಂದಲ್ಲ" ಅಂದಳು ಅವಳು, ಆದರೆ ಧ್ವನಿಯಲ್ಲಿ ಕಸುವಿರಲಿಲ್ಲ.

"ಹಳೇ ಕಾಗದಗಳು ಮಧ್ಯೆ ಬಂದು ಕಾಲಿಗೆ ತೊಡರಬಾರದು ಅಂತಷ್ಟೇ ಮೇಡಂ" ಅಂದರು ವಕೀಲರು. ಮ್ಯಾನೇಜರು ಫೋನಿಗೆ ಕೈ ಅಡ್ಡ ಹಿಡಿದು, "ಒಂದು ಕೆಲಸ ಮಾಡಿ. ನಿಮ್ಮ ಎರಡು ವಾಕ್ಯ ಇಟ್ಕೊಳ್ಳಿ, ಅವರ ಒಂದು ಪ್ಯಾರಾ ಬಿಡಿ. ಲೆಕ್ಕ ಚುಕ್ತಾ. ನನಗೆ ಇವತ್ತು ಇದು ಹೋಗ್ಬೇಕು" ಅಂದರು.

ಬೆಳಗಿನಿಂದ ವಾದ ಮಾಡಿ ಅವಳ ಗಂಟಲು ಒಣಗಿತ್ತು. ತನಗೆ ಬೇಕಾದದ್ದು ಸಿಕ್ಕಿತಲ್ಲ ಅಂದುಕೊಂಡಳು. ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಸುತ್ತೋಲೆಗಳು ರದ್ದಾದರೆ ಯಾರ ಗಂಟೇನು ಹೋಗುತ್ತದೆ? ಸಹಿ ಹಾಕಿದಳು.

ನೋಟಿಸು ಫಲಕಕ್ಕೆ ಏರುವ ಮೊದಲು ಸಂಘದ ಕೈಗೆ ಹೋಗಬೇಕು. ಅವಳು ಪ್ರತಿ ಹಿಡಿದುಕೊಂಡು ಅಂಗಳ ದಾಟಿ ಇಸ್ತ್ರಿ ವಿಭಾಗಕ್ಕೆ ಹೋದಳು. ಸಂಘದ ಕಾರ್ಯದರ್ಶಿ ದೊಡ್ಡ ರೋಲರಿನ ಹತ್ತಿರ ನಿಂತಿದ್ದ. ಸಂಘದ ಮಾತು ಬಂದರೆ ಅವನು ಮೊದಲು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ, ಆಮೇಲೆ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಮಾತು ಯಾವಾಗಲೂ ಸಭೆಯಲ್ಲಿ ಆಡಿದಂತೆ.

"ನಮ್ಮ ಕೈಗೆ ಮೊದಲು ಕೊಟ್ಟಿದ್ದು ಸಂತೋಷ" ಅಂದ. "ಆದರೆ ಇದನ್ನು ಸ್ವೀಕರಿಸಿದ್ದೇನೆ ಅಂತ ಸಹಿ ಹಾಕ್ತೀನೇ ಹೊರತು ಒಪ್ಪಿದ್ದೇನೆ ಅಂತಲ್ಲ."

"ಅದನ್ನೇ ಬರೆದು ಹಾಕಿ."

"ಸಭೆಗೆ ಮುಂಚೆ ನಮಗೆ ಮಾಹಿತಿ ಬೇಕು. ಎಷ್ಟು ಬಟ್ಟೆ ಬರತ್ತೆ, ಎಷ್ಟು ಜನ ರಾತ್ರಿಗೆ ಬೇಕು, ರಾತ್ರಿ ಭತ್ಯೆ ಏನು, ಮನೆಗೆ ಹೋಗೋಕೆ ವಾಹನ ಉಂಟೋ ಇಲ್ವೋ. ಇದ್ಯಾವುದೂ ಗೊತ್ತಿಲ್ಲದೆ ನಾವು ಏನಂತ ಅಭಿಪ್ರಾಯ ಹೇಳೋದು?"

"ಕೊಡ್ತೀನಿ. ನ್ಯಾಯವಾದ ಕೇಳಿಕೆ."

ಅವನು ಹಾಳೆಯನ್ನು ಮೇಲಿಂದ ಓದುತ್ತಾ ಬಂದ. ಇನ್ನೂ ತೀರ್ಮಾನವಾಗಿಲ್ಲ ಅನ್ನುವ ಜಾಗದಲ್ಲಿ ಬೆರಳಿಟ್ಟು, "ಹೌದಾ?" ಅಂದ.

"ಹೌದು. ನನ್ನ ಮಾತು."

ಅವನು ಅಲ್ಲಿಗೇ ಓದು ನಿಲ್ಲಿಸಿ, ಅವಳ ಪ್ರತಿಗೆ ಸಹಿ ಹಾಕಿ, ತನ್ನದನ್ನು ಮಡಚಿ ಜೇಬಿಗಿಟ್ಟ. ಬೇಕಾದ ಸಾಲು ಸಿಕ್ಕಿದ ಮೇಲೆ ಬಾಲವನ್ನು ಯಾರು ಓದುತ್ತಾರೆ? ಅವಳೂ ಹಾಗೆಯೇ ಮಾಡಿದ್ದಳಲ್ಲ.

ಮನೆಯಲ್ಲಿ ಅವಳು ಈ ಸುದ್ದಿಯನ್ನು ಎರಡು ವಾರದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದಳು. ಯಾಕೆಂದರೆ ನಾದಿನಿ ಅದೇ ಲಾಂಡ್ರಿಯ ಮಡಚುವ ವಿಭಾಗದಲ್ಲಿದ್ದಳು. ಗಂಡನ ಮನೆ ಬಿಟ್ಟು ಬಂದ ಮೇಲೆ ಅಣ್ಣನ ಮನೆಯೇ ಅವಳ ಮನೆ. ಅಣ್ಣನೋ ಲಾರಿ ಹತ್ತಿ ಹೋದರೆ ಯಾವ ವಾರ ಬರುತ್ತಾನೋ ಹೇಳುವ ಹಾಗಿರಲಿಲ್ಲ. ಉಳಿದವರು ಮೂರು ಹೆಂಗಸರು: ಅತ್ತಿಗೆ, ನಾದಿನಿ, ಮತ್ತು ಒಂದು ಪಕ್ಕ ಲಕ್ವ ಹೊಡೆದು ಮಂಚ ಹಿಡಿದ ಅತ್ತೆ. ಅತ್ತೆಯನ್ನು ಒಂಟಿಯಾಗಿ ಬಿಡುವಂತಿರಲಿಲ್ಲ. ತನಗೆ ಕಾಲು ಬಂದಿದೆ ಅಂತ ಆಗಾಗ ಅವರಿಗೆ ಅನ್ನಿಸುತ್ತಿತ್ತು. ಎದ್ದು ನಿಂತು ಬೀಳುತ್ತಿದ್ದರು. ಹೋದ ವರ್ಷ ಹಾಗೆ ಬಿದ್ದು ಹುಬ್ಬು ಹರಿದಿತ್ತು.

ಬೆಳಿಗ್ಗೆ ಪಕ್ಕದ ಮನೆಯ ಹೊಲಿಗೆಯವಳು ತನ್ನ ಯಂತ್ರವನ್ನು ಇವರ ನಡುಮನೆಗೇ ತಂದಿಟ್ಟುಕೊಂಡು ಕೂತಿರುತ್ತಿದ್ದಳು. ಮಧ್ಯಾಹ್ನ ಅವಳು ಅಂಗಡಿಗೆ ಹೋಗಬೇಕು. ಆ ಹೊತ್ತಿಗೆ ನಾದಿನಿ ಬೆಳಗಿನ ಪಾಳಿ ಮುಗಿಸಿ ಬಂದುಬಿಡುತ್ತಿದ್ದಳು. ಮಧ್ಯಾಹ್ನದ ಪಾಳಿಯ ವಾರ ಬಂದಾಗ ಏನು ಮಾಡುತ್ತಿದ್ದಳು ಅಂದರೆ, ಬಿಲ್ಲೆ ಬದಲಾಯಿಸುತ್ತಿದ್ದಳು.

ಲಾಂಡ್ರಿಯ ಒಳಬಾಗಿಲ ಪಕ್ಕ ಒಂದು ಮರದ ಹಲಗೆ. ಅದರ ತುಂಬ ಮೊಳೆ, ಮೊಳೆಗೊಂದು ಹಿತ್ತಾಳೆಯ ಬಿಲ್ಲೆ, ಬಿಲ್ಲೆಗೊಬ್ಬ ಕೆಲಸಗಾರ. ಎಡಗಡೆ ಬೆಳಗಿನ ಪಾಳಿ, ಬಲಗಡೆ ಮಧ್ಯಾಹ್ನದ್ದು. ಇಬ್ಬರು ತಮ್ಮಲ್ಲೇ ಮಾತಾಡಿಕೊಂಡು, ಶನಿವಾರ ಇಬ್ಬರೂ ಒಟ್ಟಿಗೆ ನಿಂತು ಬಿಲ್ಲೆ ಅದಲುಬದಲು ಮಾಡಿದರೆ ಆಯಿತು. ಮೇಸ್ತ್ರಿ ಹಾದುಹೋಗುತ್ತಾ ನೋಡಿ ತಲೆಯಾಡಿಸುತ್ತಿದ್ದ. ಇದು ಯಾವ ಕಾಗದದಲ್ಲೂ ಇರಲಿಲ್ಲ. ಒಬ್ಬರ ಎದುರು ಇನ್ನೊಬ್ಬರು ನಿಂತು ಕೊಟ್ಟ ಮಾತು ಅಷ್ಟೇ. ನಾದಿನಿಯ ಜೋಡಿ ನಿದ್ದೆಗಣ್ಣಿ ಅಂತ ಎಲ್ಲರೂ ಕರೆಯುವ ಹುಡುಗಿ; ಅವಳಿಗೆ ಸೂರ್ಯ ನೆತ್ತಿಗೆ ಬರುವ ತನಕ ಏಳುವುದೆಂದರೆ ಆಗದು. ಮಧ್ಯಾಹ್ನದ ಪಾಳಿ ಯಾರ ಕೈಲಿದ್ದರೂ ಎರಡು ಕೈ ಚಾಚಿ ತೆಗೆದುಕೊಳ್ಳುತ್ತಿದ್ದಳು.

ನೋಟಿಸು ಅಂಟಿಸಿದ ಮರುದಿನ ಶನಿವಾರ. ಸಂಜೆ ಕಾಗದದಮ್ಮ ಮನೆಗೆ ಬಂದಾಗ ನಾದಿನಿ ಚಪ್ಪಲಿಯನ್ನೂ ಬಿಚ್ಚದೆ ಹೊಸಿಲ ಮೇಲೆ ಕೂತಿದ್ದಳು.

"ಬಂದ್ರಾ ಅತ್ತಿಗೆ? ಬನ್ನಿ. ಸೋಮವಾರದಿಂದ ಅಮ್ಮನ್ನ ನೀವೇ ನಿಮ್ಮ ಆಫೀಸಿಗೆ ಹೊತ್ಕೊಂಡು ಹೋಗಿ. ಕಪಾಟಿನ ಪಕ್ಕ ಕೂರಿಸ್ಕೊಳ್ಳಿ."

"ಏನಾಯ್ತೇ?"

"ಬಿಲ್ಲೆ ಹಲಗೆ ಕಿತ್ತು ಹಾಕಿದಾರೆ. ಮೊಳೆ ಸಮೇತ. ನಾನು, ನಿದ್ದೆಗಣ್ಣಿ ಹೋಗಿ ನಿಂತ್ರೆ ಗೋಡೆ ಬೋಳು. ಮೇಸ್ತ್ರಿನ ಕೇಳಿದ್ರೆ ರದ್ದು ಅಂದ. ಯಾರು ಮಾಡಿದ್ದು ಅಂದ್ರೆ ನಿಮ್ಮತ್ತಿಗೆ ಅಂದ. ಎಲ್ಲರ ಮುಂದೆ ಅಂದ. ಸೋಮವಾರದಿಂದ ನಂದು ಮಧ್ಯಾಹ್ನದ ಪಾಳಿ."

ಕಾಗದದಮ್ಮನಿಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಆ ಕಡೆಯ ಪ್ಯಾರಾ ಅಕ್ಷರ ಅಕ್ಷರವಾಗಿ ಕಣ್ಣ ಮುಂದೆ ಬಂತು. ಏರ್ಪಾಡು. ರೂಢಿ. ಈ ನೋಟಿಸಿನ ದಿನಾಂಕದಿಂದ. ತನ್ನ ಮನೆಯ ಒಲೆ ಉರಿಯುತ್ತಿದ್ದದ್ದೇ ಆ ರೂಢಿಯಿಂದ. ಅದು ರೂಢಿ ಅನ್ನುವುದೇ ಅವಳಿಗೆ ಹೊಳೆದಿರಲಿಲ್ಲ. ಅವಳ ಪಾಲಿಗೆ ಕಾಗದದಲ್ಲಿ ಇಲ್ಲದ್ದು ಇರಲೇ ಇಲ್ಲ.

"ನಾನು ಅದಕ್ಕೆ ಬರೆದಿದ್ದಲ್ಲ ಕಣೇ."

"ಮತ್ಯಾವುದಕ್ಕೆ ಬರೆದ್ರಿ? ಮೂರು ಪಾಳಿ ಮಾಡಿ, ನಾಲ್ಕು ಮಾಡಿ, ನಂಗೇನು? ಬಿಲ್ಲೆ ಇದ್ರೆ ಯಾರ ಜೊತೆಗಾದ್ರೂ ಬದಲಾಯಿಸ್ಕೊಳ್ತಿದ್ದೆ. ಎರಡು ವಾರದಿಂದ ಬಾಯಿಗೆ ಬೀಗ ಹಾಕ್ಕೊಂಡು ಓಡಾಡಿದ್ರಲ್ಲ, ಒಂದ್ಮಾತು ಹೇಳಿದ್ರೆ ಆಗ್ತಿರ್ಲಿಲ್ವಾ?"

"ಸಂಘಕ್ಕಿಂತ ಮುಂಚೆ ನಿನಗೆ ಹೇಳೋ ಹಾಗಿರ್ಲಿಲ್ಲ."

"ಹೌದೌದು. ನಾನು ಮನೆಯವಳು. ನಂಗೆ ಹೇಳೋ ಹಾಗಿಲ್ಲ."

ಒಳಗಿಂದ ಅತ್ತೆ ತೊದಲುತ್ತಾ ಕೂಗಿದರು. "ಇಬ್ರೂ ಅಲ್ಲೇ ಜಗಳ ಆಡ್ತಿದ್ರೆ ನಂಗೇನು ಕೇಳ್ಸತ್ತೆ? ಒಳಗ್ಬಂದು ಆಡ್ರೇ."

ನಗು ಬರಬೇಕಿದ್ದ ಜಾಗದಲ್ಲಿ ಇಬ್ಬರಿಗೂ ಬರಲಿಲ್ಲ.

ಸೋಮವಾರ ಕಾಗದದಮ್ಮ ಅರ್ಧ ದಿನ ರಜೆ ಬರೆದಿಟ್ಟು, ಬೆಳಿಗ್ಗೆ ಮೊದಲು ಮೇಸ್ತ್ರಿಯನ್ನು ಹಿಡಿದಳು. ಅವನು ಬಾಯ್ಲರಿನ ಹತ್ತಿರ ಹಲಗೆಯನ್ನು ಗೋಡೆಗೆ ಒರಗಿಸಿಟ್ಟಿದ್ದ. ಬಿಲ್ಲೆಗಳೆಲ್ಲ ಒಂದು ದಿಂಬಿನ ಚೀಲದಲ್ಲಿದ್ದವು.

"ಮೇಸ್ತ್ರಿ, ಅದೇ ನೋಟಿಸಿನಲ್ಲಿ ಈಗಿನ ಪಾಳಿ ಮುಂದುವರಿಯತ್ತೆ ಅಂತ ಬರೆದಿದೀನಲ್ಲ, ಅದನ್ನ ಓದಲಿಲ್ವಾ?"

"ಓದಿದೆ ತಾಯಿ. ಎರಡು ಸಲ ಓದಿದೆ. ಮೇಲೆ ಇರತ್ತೆ ಅಂತಿದೆ, ಕೆಳಗೆ ರದ್ದು ಅಂತಿದೆ. ನಮ್ಮನೇಲಿ ನಾನು ಮೊದಲು ಮಾತಾಡ್ತೀನಿ, ನಮ್ಮವಳು ಕೊನೇಲಿ ಮಾತಾಡ್ತಾಳೆ. ಯಾವುದು ನಡೆಯತ್ತೆ ಹೇಳಿ? ಕೊನೇ ಮಾತೇ ಹಿರೀ ಮಾತು ಅಂತ ಕಿತ್ತೆ."

"ಅದು ಪ್ರಸ್ತಾವದ ನೋಟಿಸು, ಹುಕುಂ ಅಲ್ಲ."

"ಆ ಫಲಕದ ಮೇಲೆ ಇಷ್ಟು ವರ್ಷ ಹುಕುಂ ಬಿಟ್ಟು ಇನ್ನೇನು ಅಂಟಿಸಿದೀರಿ? ನಂಗೆ ಹೇಗೆ ಗೊತ್ತಾಗ್ಬೇಕು?"

ಅವಳು ಹಲಗೆಯನ್ನೊಮ್ಮೆ ನೋಡಿ ಹೊರಟಳು. ಕಚೇರಿಗೆ ಬಂದರೆ ಸಂಘದ ಪತ್ರ ಮೇಜಿನ ಮೇಲೆ ಕೂತಿತ್ತು, ಪಕ್ಕದಲ್ಲಿ ಕಾರ್ಯದರ್ಶಿ ನಿಂತಿದ್ದ. ಈ ಸಲ ಅಂಗಿಯ ಗುಂಡಿ ಹಾಕಿರಲಿಲ್ಲ.

"ತೀರ್ಮಾನ ಆಗಿಲ್ಲ, ನನ್ನ ಮಾತು ಅಂದ್ರಿ" ಅಂದ. ಸಭೆಯ ಧ್ವನಿ ಬಿಟ್ಟುಹೋಗಿತ್ತು. "ಹಲಗೆ ತೆಗೆದಾಗ ಎಲ್ಲರೂ ಬಂದು ನನ್ನ ಕುತ್ತಿಗೆ ಹಿಡಿದ್ರು ಕಾಗದದಮ್ಮ. ನೀನೇ ಸಹಿ ಹಾಕಿ ತಗೊಂಡಿದ್ದು, ನೀನೇ ಮಾರಿದೆ ಅಂತಾರೆ. ನಿಮ್ಮನ್ನ ನಂಬಿ ಕೆಳಗಡೆ ಓದದೆ ಜೇಬಿಗಿಟ್ಟೆ ನೋಡಿ, ನನ್ನ ಬುದ್ಧಿಗೆ..."

"ನಾನೂ ಸರಿಯಾಗಿ ಓದಲಿಲ್ಲ."

"ಬರೆದವರೂ ಓದಲಿಲ್ಲ, ತಗೊಂಡವನೂ ಓದಲಿಲ್ಲ. ಓದಿದವನು ಮೇಸ್ತ್ರಿ ಒಬ್ಬನೇ!"

ಪತ್ರದಲ್ಲಿ ಇದ್ದದ್ದು ಇಷ್ಟು. ಸಮಾಲೋಚನೆಯ ಅವಧಿಯಲ್ಲೇ ಕೆಲಸದ ಸ್ಥಿತಿಯನ್ನು ಬದಲಾಯಿಸಲಾಗಿದೆ. ಬಿಲ್ಲೆಯ ಅದಲುಬದಲು ಬಹುಕಾಲದಿಂದ ಆಡಳಿತಕ್ಕೆ ತಿಳಿದು ನಡೆದುಬಂದ ರೂಢಿ. ಯಥಾಸ್ಥಿತಿ ಮರಳುವವರೆಗೆ ಸಂಘವು ಸಭೆಗೆ ಕೂರುವುದಿಲ್ಲ. ಓದುತ್ತಾ ಹೋದಂತೆ ಅವಳಿಗೆ ಒಂದು ಪದವನ್ನೂ ತಪ್ಪು ಅನ್ನುವುದಕ್ಕಾಗಲಿಲ್ಲ.

ಮ್ಯಾನೇಜರು ಪತ್ರವನ್ನು ಅಂಗೈಯಿಂದ ಒಂದು ಕಡೆ ಸರಿಸಿದರು.

"ಒಂದು ಸ್ಪಷ್ಟೀಕರಣ ಹಾಕಿ. ಆ ಪ್ಯಾರಾ ಬಿಲ್ಲೆಗೆ ಅನ್ವಯಿಸಲ್ಲ ಅಂತ. ಮೂರು ವಾರ ಶುಕ್ರವಾರದಿಂದ ಓಡ್ತಾ ಇರಲಿ."

"ಆಗಲ್ಲ ಸಾರ್. ನೋಟಿಸೇ ಕೆಟ್ಟಿದೆ. ಇನ್ನೂ ತೀರ್ಮಾನವಾಗಿಲ್ಲ ಅಂತ ಒಂದು ಕಡೆ ಹೇಳಿ, ಇವತ್ತಿಂದಲೇ ರದ್ದು ಅಂತ ಇನ್ನೊಂದು ಕಡೆ ಹೇಳಿದೀವಿ. ಹಾಗೆ ಶುರುವಾದ ಸಮಾಲೋಚನೆ ಸಮಾಲೋಚನೆ ಅಂತ ನಾಳೆ ಯಾರ ಮುಂದೆ ನಿಂತು ಹೇಳೋದು? ಹಲಗೆ ವಾಪಸ್ ಹಾಕಿಸಿ, ನೋಟಿಸು ಹಿಂದಕ್ಕೆ ತಗೊಂಡು, ಸರಿಯಾದ್ದು ಹೊಸದಾಗಿ ಕೊಡ್ಬೇಕು. ಮೂರು ವಾರ ಮತ್ತೆ ಮೊದಲಿಂದ."

"ಆಸ್ಪತ್ರೆಯವರಿಗೆ ಏನಂತ ಹೇಳ್ಲಿ ನಾನು?"

"ಇದ್ದದ್ದನ್ನ ಹೇಳಿ. ಈಗ ತಡವಾದ್ರೆ ಒಂದಿಷ್ಟು ದಿನ. ವ್ಯಾಜ್ಯ ಹತ್ತಿದ್ರೆ ತಿಂಗಳುಗಟ್ಟಲೆ."

ಮ್ಯಾನೇಜರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ನಿಧಾನವಾಗಿ, ಮೆತ್ತಗೆ ಕೇಳಿದರು. "ಮಡಚೋ ವಿಭಾಗದಲ್ಲಿ ನಿಮ್ಮ ನಾದಿನಿ ಇದಾರಲ್ಲ? ಯಾವಾಗಲೂ ಬೆಳಗಿನ ಪಾಳಿ ಅಂತೆ."

ಅವಳ ಕಿವಿ ಬಿಸಿಯಾಯಿತು.

"ಹೌದು ಸಾರ್."

"ಇವತ್ತು ಮಧ್ಯಾಹ್ನ ನೀವು ಅರ್ಧ ದಿನ ರಜೆ. ಅದೂ ಅದಕ್ಕೇ ಇರ್ಬೇಕು."

"ಅದಕ್ಕೇ."

"ಮತ್ತೆ ನೋಟಿಸು ಹಿಂದಕ್ಕೆ ತಗೊಳ್ಳಿ ಅಂತ ಹೇಳ್ತಿರೋದು ಕಂಪನಿಯ ಸಿಬ್ಬಂದಿ ಅಧಿಕಾರಿನೋ, ಆ ಮನೆಯ ಸೊಸೆನೋ? ನಾನು ಕೇಳ್ತಿಲ್ಲಮ್ಮ. ಪ್ರಧಾನ ಕಚೇರಿಯವರು ಕೇಳ್ತಾರೆ."

ಅವಳಿಗೆ ಸಿಟ್ಟು ಬಂದದ್ದು ಅವರ ಮೇಲಲ್ಲ. ಸರಿಯಾದ ಮಾತು ತನ್ನ ಬಾಯಿಂದ ಬಂದದ್ದಕ್ಕೇ ಅದು ಹುಳುಕಾಗಿ ಕಾಣುತ್ತಿತ್ತು. ನೋಟಿಸು ಹಿಂದೆ ತೆಗೆಸಿದರೆ ನಾದಿನಿಗಾಗಿ ಮಾಡಿದಳು. ತೆಗೆಸದಿದ್ದರೆ ಕೊಟ್ಟ ಮಾತಿಗೆ ತಪ್ಪಿದಳು, ಅತ್ತೆ ನೆಲಕ್ಕೆ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಗಾದರೂ ಒಂದೇ ಸಲ ನೋವು.

ತನ್ನ ಕೋಣೆಗೆ ಬಂದು ಅವಳು ಕಾಗದ ತೆಗೆದುಕೊಂಡಳು. ಬೇರೆಯವರಿಗೆ ಜೀವಮಾನವೆಲ್ಲ ಬರೆಸಿದ್ದನ್ನು ಈಗ ತಾನೇ ಬರೆದಳು. ತನ್ನ ನಾದಿನಿ ಈ ಪಾಳಿ ಬದಲಾವಣೆಗೆ ಒಳಪಡುವ ಕೆಲಸಗಾರ್ತಿ. ಬಿಲ್ಲೆಯ ರೂಢಿಯಿಂದ ತನ್ನ ಮನೆಗೂ ಅನುಕೂಲವಿದೆ. ಇದನ್ನು ಮೊದಲೇ ತಿಳಿಸಬೇಕಿತ್ತು, ತಿಳಿಸಲಿಲ್ಲ. ಈ ಸಮಾಲೋಚನೆಯ ಕೆಲಸವನ್ನು ಬೇರೆಯವರಿಗೆ ವಹಿಸಬೇಕು. ಅದರ ಕೆಳಗೆ, ಹಾಗಿದ್ದರೂ ನೋಟಿಸು ದೋಷದಿಂದ ಕೂಡಿದೆ, ಇದನ್ನು ಹಿಂದಕ್ಕೆ ಪಡೆದು ಯಥಾಸ್ಥಿತಿ ಕಾಯಬೇಕು ಎಂಬುದು ತನ್ನ ಸಲಹೆ, ಬೇಕಾದರೆ ವಕೀಲರನ್ನೇ ಕೇಳಿ ನೋಡಿ ಅಂತ ಬರೆದು ಸಹಿ ಹಾಕಿದಳು. ಮ್ಯಾನೇಜರ ಮೇಜಿನ ಮೇಲಿಟ್ಟು ಮನೆಗೆ ನಡೆದಳು. ಹೊಲಿಗೆಯವಳು ಆಗಲೇ ಅಂಗಡಿಗೆ ಹೊರಟು ಬಾಗಿಲಲ್ಲಿ ಚಡಪಡಿಸುತ್ತಿದ್ದಳು.

ಆ ಮಧ್ಯಾಹ್ನ ಅತ್ತೆಯ ಬೆನ್ನೊರೆಸಿ ಮಗ್ಗುಲಾಗಿಸುವಾಗ ಅವರು, "ಏನೇ, ಕೆಲಸ ಬಿಡಿಸಿದ್ರಾ?" ಅಂದರು.

"ಇಲ್ಲ ಅತ್ತೆ. ಅರ್ಧ ನಾನೇ ಬಿಟ್ಟೆ."

"ಯಾವ ಅರ್ಧ?"

"ಮಾತಾಡೋ ಅರ್ಧ."

ಮರುದಿನ ವಕೀಲರು ಫೋನಿನಲ್ಲಿ ಮ್ಯಾನೇಜರಿಗೆ ಹೇಳಿದ್ದು ಅವಳು ಹೇಳಿದ್ದನ್ನೇ. ಮೊದಲು ಆ ಪ್ಯಾರಾ ಯಾರು ಸೇರಿಸಿದ್ದು ಅಂತ ಗದರಿ, ತಾವೇ ಅಂತ ಗೊತ್ತಾದ ಮೇಲೆ ಗಂಟಲು ಸರಿಮಾಡಿಕೊಂಡರಂತೆ. ನೋಟಿಸು ಹಿಂದಕ್ಕೆ ಹೋಯಿತು. ಹಿಂದಕ್ಕೆ ಪಡೆದಿದ್ದೇವೆ ಎಂಬ ಕಾಗದಕ್ಕೆ ಸಹಿ ಮ್ಯಾನೇಜರದ್ದು, ಪ್ರತಿ ಮೊದಲು ಸಂಘಕ್ಕೆ. ಮೇಸ್ತ್ರಿ ಹಲಗೆಯನ್ನು ಹಳೆಯ ತೂತುಗಳಿಗೇ ಮತ್ತೆ ಹೊಡೆದ. ಬಿಲ್ಲೆಗಳನ್ನು ಚೀಲದಿಂದ ಸುರಿದಾಗ ಯಾವುದು ಯಾರದ್ದು ಅಂತ ಹುಡುಕುವುದಕ್ಕೆ ಒಂದು ಪಾಳಿಯೇ ಹಿಡಿಯಿತು. ನಿದ್ದೆಗಣ್ಣಿ ಆಕಳಿಸುತ್ತಾ ಬಂದು, ವಾರದ ನಡುವೆಯೇ ಬಿಲ್ಲೆ ಬದಲಾಯಿಸಿದಳು. ಅವಳು ಎರಡು ದಿನ ಬೆಳಗಿನ ಪಾಳಿ ಮಾಡಿದ್ದಕ್ಕೆ ಇನ್ನೂ ಅಳುತ್ತಿದ್ದಳು.

ಅಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು.

ಹೊಸ ನೋಟಿಸು ಬರೆದವರು ಪ್ರಧಾನ ಕಚೇರಿಯಿಂದ ಬಂದ ಇನ್ನೊಬ್ಬ ಅಧಿಕಾರಿ. ತೆಳ್ಳಗೆ, ಶುಚಿಯಾಗಿದ್ದ ಮನುಷ್ಯ, ಬರವಣಿಗೆಯೂ ಹಾಗೆಯೇ. ಅದನ್ನು ಕಾಗದದಮ್ಮ ಎಲ್ಲರ ಜೊತೆ ಫಲಕದ ಮುಂದೆ ನಿಂತು ಓದಿದಳು. ಅವಳ ಎರಡು ವಾಕ್ಯಗಳು ಹಾಗೇ ಇದ್ದವು. 'ಈಗಿನ ಪಾಳಿಗಳು' ಅನ್ನುವಲ್ಲಿ 'ಈಗಿನ ಪಾಳಿಗಳು ಹಾಗೂ ಬಿಲ್ಲೆ ಬದಲಾವಣೆಯ ರೂಢಿ' ಅಂತ ಸೇರಿಸಿದ್ದರು. ಕಡೆಯ ಪ್ಯಾರಾ ಇರಲಿಲ್ಲ. ಅದರ ಬದಲು ಪ್ರಸ್ತಾವದ ಪಟ್ಟಿಯಲ್ಲಿ ಹೊಸದೊಂದು ಅಂಶವಿತ್ತು: ಮೂರು ಪಾಳಿ ಸುಗಮವಾಗಿ ನಡೆಯಲು, ಕೆಲಸಗಾರರು ತಮ್ಮಲ್ಲೇ ಪಾಳಿ ಬದಲಾಯಿಸಿಕೊಳ್ಳುವ ರೂಢಿಯನ್ನು ಕೊನೆಗೊಳಿಸುವುದನ್ನು ಪ್ರಸ್ತಾಪಿಸಲಾಗಿದೆ, ಇದಕ್ಕೆ ಕಾರಣಗಳು ಹೀಗಿವೆ, ಈ ಬಗ್ಗೆ ಅಭಿಪ್ರಾಯಗಳನ್ನು ಆಹ್ವಾನಿಸಲಾಗಿದೆ, ಇನ್ನೂ ತೀರ್ಮಾನವಾಗಿಲ್ಲ.

ಎಲ್ಲೂ ಒಂದು ತಪ್ಪಿಲ್ಲ. ಮೊದಲು ಯಾರನ್ನೂ ಕೇಳದೆ ಕಿತ್ತಿದ್ದನ್ನು ಈಗ ಬೆಳಕಿನಲ್ಲಿ, ಕ್ರಮಪ್ರಕಾರ, ಕೇಳಿ ಕೀಳಬಹುದು. ಇದೆಂಥ ಗೆಲುವೋ!

"ನೋಡಿದ್ರಾ?" ಅಂದ ಕಾರ್ಯದರ್ಶಿ ಪಕ್ಕದಲ್ಲಿ ನಿಂತು. ಈ ಸಲ ಅವನು ಬಾಲದಿಂದ ತಲೆಯ ತನಕ ಎರಡು ಸಲ ಓದಿದ್ದ. "ಹಲಗೆ ಹೇಗಿತ್ತೋ ಹಾಗೆ ಬಿಟ್ಟಿದ್ರೆ ಯಾರಿಗೂ ಅದರ ನೆನಪೇ ಆಗ್ತಿರ್ಲಿಲ್ಲ. ನಾವೇ ಪತ್ರ ಬರೆದು ಇದೊಂದು ರೂಢಿ ಇದೆ ಅಂತ ತೋರಿಸಿಕೊಟ್ವಿ."

"ಬರೆಯದೆ ಇದ್ರೂ ಹೋಗ್ತಿತ್ತು."

"ಬರೆದ್ರೂ ಹೋಗತ್ತೆ ಅನ್ನಿ."

"ಹೋಗತ್ತೆ ಅಂತ ಯಾಕೆ ಅಂತೀರಿ? ಸಭೆಗೆ ಕೂತ್ಕೊಳ್ಳಿ. ಕಾರಣ ಕೇಳಿ. ಎಷ್ಟು ಜನಕ್ಕೆ ಏನೇನು ತೊಂದರೆ ಅಂತ ಅವರ ಮುಂದಿಡಿ..." ಅಂತ ಶುರುಮಾಡಿದವಳು ಅಲ್ಲಿಗೇ ತುಟಿ ಕಚ್ಚಿಕೊಂಡಳು. "ನಾನು ಹೇಳಬಾರದು. ಕ್ಷಮಿಸಿ."

ಅವನು ಅವಳನ್ನೇ ನೋಡಿದ. ಸಿಟ್ಟು ಇನ್ನೂ ಪೂರ್ತಿ ಹೋಗಿರಲಿಲ್ಲ. ಆದರೂ ಹೋಗುವ ಮುನ್ನ, "ಮಾಹಿತಿ ಕೊಟ್ಟಿದ್ದಾರೆ. ಅಷ್ಟಾದ್ರೂ ಆಯ್ತು" ಅಂದ.

ಸಂಜೆ ನಾದಿನಿ ಊಟದ ಮೇಜು ಒರೆಸಿ ಬಿಳಿ ಹಾಳೆ ಹರಡಿಕೊಂಡು ಕೂತಳು. ಅಭಿಪ್ರಾಯ ಬರೆದು ಕೊಡಬಹುದು ಅಂತ ಸಂಘದವರು ಎಲ್ಲರಿಗೂ ಹೇಳಿದ್ದರು. ಅತ್ತೆಯ ಮಂಚವನ್ನು ಬಾಗಿಲ ಹತ್ತಿರಕ್ಕೆ ಎಳೆದುಕೊಂಡದ್ದರಿಂದ ಅವರಿಗೆ ಎಲ್ಲ ಕಾಣುತ್ತಿತ್ತು, ಕೇಳುತ್ತಿತ್ತು.

"ಅತ್ತಿಗೆ, ಹೇಗೆ ಶುರುಮಾಡ್ಲಿ?"

ಕಾಗದದಮ್ಮ ಪಾತ್ರೆ ಒರೆಸುತ್ತಿದ್ದಳು. "ನನ್ನ ಕೇಳ್ಬೇಡ."

"ಲಾಂಡ್ರಿಗೆಲ್ಲ ಕಾಗದ ಬರೆದು ಕೊಟ್ರಿ. ನನಗೆ ಒಂದು ಸಾಲು ಹೇಳಕ್ಕಾಗಲ್ವಾ?"

"ಆಗಲ್ಲ ಕಣೇ. ಇದರಿಂದ ದೂರ ಇರ್ತೀನಿ ಅಂತ ಬರೆದು ಕೊಟ್ಟಿದೀನಿ. ನಿನ್ನ ಕಾಗದದಲ್ಲಿ ನನ್ನ ಮಾತಿನ ವಾಸನೆ ಬಂದ್ರೂ ಸಾಕು, ಅದನ್ನ ಪಕ್ಕಕ್ಕಿಡ್ತಾರೆ. ನಿನಗೇ ಕೆಡುಕು."

"ಯಾರು ಮೂಸಿ ನೋಡ್ತಾರೆ?"

"ಮ್ಯಾನೇಜರು ನೋಡ್ತಾರೆ."

ನಾದಿನಿ ಪೆನ್ನಿನ ತುದಿ ಕಚ್ಚಿದಳು. ಏನೋ ಬರೆದಳು, ಹೊಡೆದಳು. "ಬಿಲ್ಲೆ ತೆಗೆದ್ರೆ ನಾವು ಸಾಯ್ತೀವಿ ಅಂತ ಬರೆದೆ. ಸರಿನಾ?"

ಕಾಗದದಮ್ಮನ ನಾಲಿಗೆಯ ತುದಿಗೆ ಬಂದಿತ್ತು: ಸಾಯ್ತೀವಿ ಅಂತ ಬರೀಬೇಡ, ಮಧ್ಯಾಹ್ನ ಮನೇಲಿ ಯಾರೂ ಇರಲ್ಲ ಅಂತ ಬರಿ. ಯಾರು, ಯಾಕೆ, ಹೋದ ವರ್ಷ ಏನಾಯ್ತು ಅಂತ ಬರಿ. ಪೂರ್ತಿ ತೆಗೆಯೋ ಬದಲು ಇಬ್ಬರೂ ಸಹಿ ಹಾಕಿ ಮೇಸ್ತ್ರಿಗೆ ಮುಂಚೆ ತಿಳಿಸೋ ಹಾಗೆ ಮಾಡಿ ಅಂತ ಬೇರೆ ದಾರಿ ಸೂಚಿಸು, ಆಗ ಅವರು ಅದಕ್ಕೆ ಉತ್ತರ ಕೊಡಲೇಬೇಕಾಗತ್ತೆ. ಇಷ್ಟೂ ಅವಳಿಗೆ ಗೊತ್ತಿತ್ತು. ತಟ್ಟೆಯನ್ನು ಜೋರಾಗಿ ಒರೆಸಿದಳು. ಒಣಗಿದ ತಟ್ಟೆಯನ್ನೇ ಒರೆಸಿದಳು.

"ಸಾಯೋದು ಗೀಯೋದು ಅಂತ ಬರೀಬೇಡ್ವೇ" ಅಂದರು ಮಂಚದಿಂದ ಅತ್ತೆ. ಮಾತು ಸೊಟ್ಟಗಿತ್ತು, ಅರ್ಥ ಸೊಟ್ಟಗಿರಲಿಲ್ಲ. "ಒಳ್ಳೇದಾಯ್ತು ಮುದುಕಿ ಹೋದ್ಲು ಅಂತ ಪಾಳಿ ಬದಲಾಯಿಸ್ಬಿಡ್ತಾರೆ. ನಮ್ಮಮ್ಮ ಏಳ್ತಾಳೆ, ಬೀಳ್ತಾಳೆ, ಹಿಡ್ಕೊಳ್ಳಕ್ಕೆ ಒಬ್ರು ಬೇಕು ಅಂತ ಬರಿ. ನನ್ನ ಹುಬ್ಬು ಹರಿದಿದ್ದು ಬರಿ. ನಾಚಿಕೆ ಏನಿಲ್ಲ."

ನಾದಿನಿ ಅತ್ತಿಗೆಯ ಕಡೆ ನೋಡಿದಳು. ಕಾಗದದಮ್ಮ ತಟ್ಟೆ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಹಿತ್ತಲ ಬಾಗಿಲು ತೆರೆದು ಹೊರಗೆ ಹೋಗಿ ನಿಂತಳು. ಒಳಗಿಂದ ಅತ್ತೆ ಒಂದೊಂದೇ ಮಾತು ಹೇಳುವುದೂ ಮಗಳು "ತಡಿಯಮ್ಮ, ನಿಧಾನ" ಅನ್ನುವುದೂ ಕೇಳುತ್ತಿತ್ತು. ಬಿಲ್ಲೆ ಉಳಿಯುತ್ತದೋ ಹೋಗುತ್ತದೋ ಅವಳಿಗೆ ಗೊತ್ತಿರಲಿಲ್ಲ. ಒಂದು ವಾಕ್ಯ ತಪ್ಪಾಗಿ ಬಂದದ್ದು ಕೇಳಿಸಿತು. ಅವಳು ಬಾಗಿಲನ್ನು ಇನ್ನಷ್ಟು ಎಳೆದುಕೊಂಡಳು.